ಡೀಸೆಲ್ ಸೆನ್ಸರ್ ಇರುವ ಜಿಪಿಎಸ್ ಸೇವೆ: ಹುಬ್ಬಳ್ಳಿ–ಅಂಕೋಲಾ ಲೈನಿನಲ್ಲಿ ಎರಡು ವರ್ಷ ಬಳಸಿದ ಮೇಲೆ

ನಾಲ್ಕೈದು ಲಾರಿ ಇಟ್ಟುಕೊಂಡವರಿಗೆ ಈ ಸೇವೆ ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ. ಆದರೆ ಸೆನ್ಸರ್ ಕೂಡಿಸುವ ದಿನ ಮಾಲಕರು ಗಾಡಿಯ ಪಕ್ಕ ನಿಂತಿರಬೇಕು. ಆವತ್ತಿನ ಕೆಲಸ ಕೆಟ್ಟರೆ ಆ್ಯಪ್‌ನಲ್ಲಿ ಬರುವ ಒಂದು ಲೆಕ್ಕವನ್ನೂ ನಂಬುವಂತಿಲ್ಲ.

ಟ್ಯಾಂಕಿನೊಳಗೆ ಇಳಿಸುವ ಸೆನ್ಸರ್ ಒಂದು ರಾಡ್. ಅದು ಅಳೆಯುವುದು ಎಣ್ಣೆಯ ಎತ್ತರವನ್ನು, ಲೀಟರನ್ನಲ್ಲ. ಟ್ಯಾಂಕಿನ ಮೂಲೆಗಳು ದುಂಡಗಿರುತ್ತವೆ, ಒಳಗೆ ಅಡ್ಡ ತಗಡುಗಳಿರುತ್ತವೆ. ಹಾಗಾಗಿ ಎಷ್ಟು ಎತ್ತರಕ್ಕೆ ಎಷ್ಟು ಲೀಟರ್ ಎಂಬ ಪಟ್ಟಿಯನ್ನು ಗಾಡಿಗೊಂದರಂತೆ ಮಾಡಬೇಕು. ಸಮತಟ್ಟು ಜಾಗದಲ್ಲಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, 20 ಲೀಟರಿನಂತೆ ಅಳೆದು ಸುರಿಯುತ್ತ, ಪ್ರತಿ ಸಲ ಎಣ್ಣೆ ನಿಂತ ಮೇಲೆ ರೀಡಿಂಗ್ ಬರೆದುಕೊಳ್ಳಬೇಕು. ದೊಡ್ಡ ಟ್ಯಾಂಕಿಗೆ ಅರ್ಧ ದಿನ ಹಿಡಿಯುತ್ತದೆ. ಕೂಡಿಸಲು ಬರುವ ಹುಡುಗರು ಅವಸರದಲ್ಲಿ ಅದೇ ಸೈಜಿನ ಬೇರೆ ಗಾಡಿಯ ಪಟ್ಟಿಯನ್ನು ಹಾಕಿ ಹೋಗುತ್ತಾರೆ. ಅದಕ್ಕೆ ಒಪ್ಪಬೇಡಿ. ರಾಡ್ ಟ್ಯಾಂಕಿನ ನಟ್ಟನಡುವೆ ಇರಲಿ, ಅದರ ತುದಿ ತಳಕ್ಕೆ ತಾಗದೆ ಎರಡು ಬೆರಳಿನಷ್ಟು ಮೇಲಿರಲಿ. ತಳದಲ್ಲಿ ನೀರು, ಕೆಸರು ಸೇರಿರುತ್ತದೆ. ರಾಡ್ ಒಳಕ್ಕೆ ನೀರು ಹೊಕ್ಕರೆ ಅರ್ಧ ಟ್ಯಾಂಕ್ ಇದ್ದಾಗಲೂ ಫುಲ್ ಎಂದು ತೋರಿಸುತ್ತದೆ. ಹಾಗೆ ತೋರಿಸಿದಾಗ ಸೆನ್ಸರ್ ಬದಲಿಸುವ ಮುಂಚೆ ಟ್ಯಾಂಕಿನ ಡ್ರೇನ್ ಬೋಲ್ಟ್ ಬಿಚ್ಚಿ ನೋಡಿ, ವಾಟರ್ ಸೆಪರೇಟರ್ ಕೂಡ ಖಾಲಿ ಮಾಡಿ.

ಕಳವಿನ ಅಲರ್ಟ್ ಬಂದ ಕೂಡಲೇ ಡ್ರೈವರ್ ಮೇಲೆ ಕೂಗಾಡುವುದು ತಪ್ಪು. ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಎಣ್ಣೆ ಒಂದು ಬದಿಗೆ ಸರಿದು ಲೆವೆಲ್ ಕಡಿಮೆ ಕಾಣಬಹುದು. ಗ್ರಾಫ್ ತೆಗೆದು ನೋಡಿ. ಗಾಡಿ ಸಮ ರಸ್ತೆಗೆ ಬಂದ ಮೇಲೆ ಗೆರೆ ಮೊದಲಿನ ಮಟ್ಟಕ್ಕೆ ಏರಿದರೆ ಅದು ಇಳಿಜಾರಿನ ಆಟ. ನಿಂತ ಜಾಗದಲ್ಲೇ ಕೆಳಗಿಳಿದು ಮತ್ತೆ ಏರದಿದ್ದರೆ ಆಗ ಕೇಳಬೇಕು.

ಆ್ಯಪ್ ದಿನದಿನಕ್ಕೆ ತೋರಿಸುವ ಆವರೇಜ್ ನೋಡಬೇಡಿ, ಎಣ್ಣೆ ಕುಲುಕಾಟದಲ್ಲೇ ಅದು ಏರಿಳಿಯುತ್ತದೆ. ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ, ಅದೇ ಲೈನ್, ಅದೇ ಲೋಡ್ ಹಿಡಿದು ಲೆಕ್ಕ ಹಾಕಿ. ಕಿಲೋಮೀಟರ್ ಗಾಡಿಯ ಮೀಟರಿನದೇ ಇರಲಿ. ಜಿಪಿಎಸ್ ನಿಮಿಷಕ್ಕೊಮ್ಮೆ ಮಾತ್ರ ಜಾಗ ಕಳಿಸುವಂತಿದ್ದರೆ ಘಟ್ಟದ ತಿರುವುಗಳನ್ನು ನೇರ ಗೆರೆಯಾಗಿ ಎಣಿಸಿ ದೂರವನ್ನು ಕಡಿಮೆ ತೋರಿಸುತ್ತದೆ. ಹತ್ತು ಸೆಕೆಂಡಿಗೆ ಇಳಿಸಲು ಕಂಪನಿಯವರಿಗೆ ಹೇಳಿ, ಮಾಡಿಕೊಡುತ್ತಾರೆ.

ಈ ಲೆಕ್ಕ ರಿಪೇರಿಗೆ ಹೇಗೆ ದಾರಿ ತೋರಿಸುತ್ತದೆ ನೋಡಿ. ಹತ್ತು ಚಕ್ರದ ಒಂದು ಗಾಡಿ 840 ಕಿ.ಮೀ.ಗೆ 200 ಲೀಟರ್ ಕುಡಿಯುತ್ತಿತ್ತು, ಅಂದರೆ ಆವರೇಜ್ 4.2. ಅದೇ ಲೈನಿನಲ್ಲಿ ಅದು 227 ಲೀಟರಿಗೆ ಏರಿತು, ಆವರೇಜ್ 3.7ಕ್ಕೆ ಬಿತ್ತು. ಲೀಟರಿಗೆ 90 ರೂಪಾಯಿ ಹಿಡಿದರೆ 2,430 ರೂಪಾಯಿ ಹೆಚ್ಚು. ಗ್ರಾಫ್‌ನಲ್ಲಿ ಎಣ್ಣೆ ತೆಗೆದ ಗುರುತಿಲ್ಲ, ನಿಂತಲ್ಲೇ ಎಂಜಿನ್ ಓಡಿದ ಹೊತ್ತೂ ಮೊದಲಿನಷ್ಟೇ. ಹಾಗಾದರೆ ದೋಷ ಗಾಡಿಯದ್ದೇ. ಹವಾ ಸರಿಯಿತ್ತು, ಏರ್ ಫಿಲ್ಟರ್ ಹೊಸದು. ಬ್ರೇಕ್ ಹೆಚ್ಚು ಒತ್ತದೆ ಸಮ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಒಂದೊಂದೇ ಡ್ರಮ್ ಹತ್ತಿರ ಕೈ ಹಿಡಿದಾಗ ಹಿಂದಿನ ಎಡಗಡೆಯದು ಮಾತ್ರ ಕಾದಿತ್ತು (ಮುಟ್ಟಬೇಡಿ, ಸುಡುತ್ತದೆ). ಬ್ರೇಕ್ ಕ್ಯಾಮ್ ಶಾಫ್ಟಿನ ಬುಷ್ ಒಣಗಿ ಶಾಫ್ಟ್ ಪೂರ್ತಿ ಹಿಂದಕ್ಕೆ ತಿರುಗುತ್ತಿರಲಿಲ್ಲ, ಲೈನರ್ ಡ್ರಮ್ಮಿಗೆ ಉಜ್ಜಿಕೊಂಡೇ ಓಡುತ್ತಿತ್ತು. ಬುಷ್ ಬದಲಿಸಿ, ಗ್ರೀಸ್ ಹೊಡೆದು, ಬ್ರೇಕ್ ಅಡ್ಜಸ್ಟ್ ಮಾಡಿದ ಮೇಲೆ ಆವರೇಜ್ 4.1ಕ್ಕೆ ಬಂತು.

ಇಂಥದ್ದನ್ನು ಮೊದಲೇ ತಡೆಯಬೇಕಾದ ಸರ್ವಿಸ್ ರಿಮೈಂಡರ್ ಈ ಆ್ಯಪ್‌ನ ದುರ್ಬಲ ಭಾಗ. ಆ್ಯಪ್ ಹೊಸದಾಗಿ ಕೈಗೆ ಬಂದಾಗ ಅದರಲ್ಲಿ ಎಂಜಿನ್ ಆಯಿಲ್, ಇನ್ಶೂರೆನ್ಸ್, ಎಫ್‌ಸಿ ಮಾತ್ರ ಇರುತ್ತವೆ. ಗ್ರೀಸ್, ಬ್ರೇಕ್ ಅಡ್ಜಸ್ಟ್, ಹಬ್ ಬೇರಿಂಗ್ ಇವನ್ನೆಲ್ಲ ಗಾಡಿಯ ಸರ್ವಿಸ್ ಪುಸ್ತಕ ನೋಡಿ ನಾವೇ ಸೇರಿಸಬೇಕು. ಎಂಜಿನ್ ತಾಸುಗಳ ಎಣಿಕೆಯೂ ತಪ್ಪುತ್ತದೆ. ವೈರನ್ನು ಕೀ ಲೈನಿಗೆ ಕೊಟ್ಟಿದ್ದರೆ ಡ್ರೈವರ್ ಕೀ ತಿರುವಿ ಹಾಡು ಕೇಳಿದರೂ ಎಂಜಿನ್ ಓಡಿತೆಂದು ಬರೆದುಕೊಳ್ಳುತ್ತದೆ. ಡೈನಮೋ ಚಾರ್ಜ್ ಆಗುವಾಗ ಮಾತ್ರ ಎಣಿಸುವಂತೆ ಆ ವೈರ್ ಬದಲಿಸಲು ಹೇಳಿ. 24 ವೋಲ್ಟ್ ಗಾಡಿಯಲ್ಲಿ ಎಂಜಿನ್ ಓಡುವಾಗ ವೋಲ್ಟೇಜ್ 27ರ ಮೇಲೆ ಹೋಗುವುದರಿಂದ ಸೆಟ್ಟಿಂಗ್‌ನಿಂದಲೂ ಇದು ಆಗುತ್ತದೆ.

ಫೋನ್ ಮಾಡಿದರೆ ಎತ್ತುತ್ತಾರೆ, ಆದರೆ ತಾರಿಹಾಳದವರೆಗೆ ಮೇಸ್ತ್ರಿ ಬರಲು ವಾರ ಹಿಡಿದದ್ದೂ ಇದೆ. ವರ್ಷದ ರಿನ್ಯೂವಲ್‌ಗೆ ದುಡ್ಡು ಕಟ್ಟುವ ಮುಂಚೆ ಪ್ರತಿ ಗಾಡಿಯ ಟ್ಯಾಂಕ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ. ಡಿವೈಸ್ ಬದಲಾಗಿ ಆ ಪಟ್ಟಿ ಅಳಿಸಿಹೋದರೆ ಮತ್ತೆ ಟ್ಯಾಂಕ್ ಖಾಲಿ ಮಾಡಿ 20 ಲೀಟರಿನಿಂದ ಶುರು ಮಾಡಬೇಕಾಗುತ್ತದೆ.