ಅವ್ವನ ಬೆರಳಿಗೆ ಎರಡು ಮೀಟರು, ತೋಳಿಗೆ ಒಂದು ಸೂಜಿ

ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಬೆಟಗೇರಿಯ ಮನೆಯಲ್ಲಿ ಅಣ್ಣ ಅವ್ವನ ಬೆರಳು ಚುಚ್ಚಿ ಶುಗರ್ ನೋಡಿದ. ಮೀಟರು 96 ತೋರಿಸಿತು. ಐದು ನಿಮಿಷದಲ್ಲಿ ಪ್ಯಾಕೇಜ್ ಚೆಕಪ್‌ನ ಹುಡುಗ ಬಂದು ತೋಳಿನಿಂದ ರಕ್ತ ತೆಗೆದುಕೊಂಡು ಹೋದ. ಸಂಜೆ ಹುಬ್ಬಳ್ಳಿಯಿಂದ ಬಂದ ರಿಪೋರ್ಟಿನಲ್ಲಿ ಅದೇ ಫಾಸ್ಟಿಂಗ್ ಶುಗರ್ 58.

"ಲ್ಯಾಬಿನ್ಯಾಗ ಯಾರದೋ ರಕ್ತ ಯಾರಿಗೋ ಅದಲು ಬದಲು ಆಗೇತಿ ನೋಡ ತಂಗಿ. ಮಷಿನ್ ನನ್ನ ಕಣ್ಣ ಮುಂದ ತೊಂಬತ್ತಾರು ತೋರಿಸೇತಿ" ಎಂದ ಅಣ್ಣ. ನಾನು ಗದಗಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ನನಗೆ ಸಹಜವಾಗಿ ಲ್ಯಾಬಿನ ಮೇಲೇ ನಂಬಿಕೆ. ಆದರೆ ಅವ್ವ ಹೇಳಿದ ಮಾತು ನಮ್ಮಿಬ್ಬರ ವಾದಕ್ಕಿಂತ ದೊಡ್ಡದಾಗಿತ್ತು: "ನಸುಕಿನ್ಯಾಗ ಮೈಯೆಲ್ಲಾ ಬೆವರತೈತಿ ಯವ್ವಾ, ಕೈ ನಡಗತಾವ. ಮಷಿನ್ ಮಾತ್ರ ಎಲ್ಲಾ ಛಲೋ ಐತಿ ಅಂತೈತಿ." ಅವ್ವನಿಗೆ 67 ವರ್ಷ. ಹಗಲು ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ, ರಾತ್ರಿ ಇನ್ಸುಲಿನ್. ಅದೇ ರಿಪೋರ್ಟಿನ ಮೊದಲ ಪುಟದಲ್ಲಿ ಯಾರೂ ಗಮನಿಸದ ಇನ್ನೊಂದು ಸಾಲಿತ್ತು: ಹಿಮೋಗ್ಲೋಬಿನ್ 7.6, ಹೆಮಟೋಕ್ರಿಟ್ 24. ಅಂದರೆ ಅವ್ವನಿಗೆ ರಕ್ತ ಕಡಿಮೆ.

ಆ ಸಾಲು ಕಂಡ ಮೇಲೆ ನಾನು ಒಂದು ಹೊಸ ಮೀಟರು ತಂದೆ. ಹಳೆ ಮೀಟರು, ಹೊಸ ಮೀಟರು, ನಮ್ಮ ಲ್ಯಾಬಿನಲ್ಲಿ ಪ್ಲಾಸ್ಮಾದ, ಅಂದರೆ ಕಣಗಳನ್ನು ಬಿಟ್ಟು ಉಳಿದ ರಕ್ತದ ತಿಳಿಯ, ಶುಗರ್, ಈ ಮೂರನ್ನೂ ಒಂದೇ ಹೊತ್ತಿಗೆ ಹಚ್ಚಿ ನೋಡಬೇಕೆಂದು ಎರಡು ವಾರ ಅವ್ವನ ಜೊತೆಗೇ ಉಳಿದೆ. ಎರಡೂ ಮೀಟರುಗಳ ಹೆಸರು ಇಲ್ಲಿ ಬೇಕಿಲ್ಲ. ಅವುಗಳ ಸ್ಟ್ರಿಪ್ ಡಬ್ಬಿಯಲ್ಲಿ ಮಡಚಿಟ್ಟ ಚೀಟಿಯಲ್ಲಿ ಏನು ಬರೆದಿದೆ ಎನ್ನುವುದೇ ಮುಖ್ಯ. ಹಳೆಯದರ ಚೀಟಿ ಹೆಮಟೋಕ್ರಿಟ್ 30ರಿಂದ 55ರ ನಡುವೆ ಇದ್ದವರಿಗೆ ಮಾತ್ರ ಎನ್ನುತ್ತಿತ್ತು. ಹೊಸದರ ಚೀಟಿಯಲ್ಲಿ 10ರಿಂದ 65 ಎಂದಿತ್ತು. ಅಂದರೆ ಹಳೆ ಮೀಟರು ಕೆಟ್ಟಿರಲಿಲ್ಲ. ಅದು ಅವ್ವನಂಥ ರಕ್ತಕ್ಕೆ ಮಾಡಿದ ಮೀಟರೇ ಆಗಿರಲಿಲ್ಲ.

ಹೆಮಟೋಕ್ರಿಟ್ ಎಂದರೆ ರಕ್ತದಲ್ಲಿ ಕೆಂಪು ಕಣಗಳು ಹಿಡಿದಿರುವ ಜಾಗ, ನೂರಕ್ಕೆ ಇಷ್ಟು ಎಂದು. ಸ್ಟ್ರಿಪ್ಪಿನ ತುದಿಗೆ ತಾಗಿದ ಹನಿಯನ್ನು ಒಂದು ಸಣ್ಣ ಕಾಲುವೆ ಒಳಗೆಳೆದುಕೊಳ್ಳುತ್ತದೆ. ಹನಿ ಎಂದರೂ ಅದು ಒಂದು ಮೈಕ್ರೋಲೀಟರಿನಷ್ಟು, ಕೆಲವಕ್ಕೆ ಅದರ ಅರ್ಧ ಸಾಕು. ಒಳಗೆ ಒಣಗಿಸಿಟ್ಟ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಪಕ್ಕದ ಇನ್ನೊಂದು ರಾಸಾಯನಿಕ ಅದನ್ನು ಎಲೆಕ್ಟ್ರೋಡಿಗೆ ಮುಟ್ಟಿಸುತ್ತದೆ. ಐದು ಸೆಕೆಂಡಿನಲ್ಲಿ ಎಷ್ಟು ಕರೆಂಟು ಹರಿಯಿತೋ ಅದನ್ನೇ ಮೀಟರು ಅಂಕಿಯಾಗಿ ತೋರಿಸುತ್ತದೆ. ಗ್ಲೂಕೋಸು ಕಿಣ್ವದ ತನಕ ಹೋಗುವ ದಾರಿಯಲ್ಲಿ ಕೆಂಪು ಕಣಗಳು ಅಡ್ಡ ನಿಂತಿರುತ್ತವೆ. ಸಂತೆಯ ದಿನ ಓಣಿಯಲ್ಲಿ ಸೈಕಲ್ ಹೋದಂತೆ ಅದು ನಿಧಾನ ಸಾಗಬೇಕು. ಅವ್ವನ ರಕ್ತದಲ್ಲಿ ಕಣಗಳು ಕಡಿಮೆ, ಓಣಿ ಖಾಲಿ. ಅದೇ ಐದು ಸೆಕೆಂಡಿನಲ್ಲಿ ಹೆಚ್ಚು ಗ್ಲೂಕೋಸು ಕಿಣ್ವವನ್ನು ಮುಟ್ಟಿ, ಕರೆಂಟು ಹೆಚ್ಚಾಗಿ, ಇಲ್ಲದ ಶುಗರ್ ಇದೆಯೆಂದು ಕಾಣುತ್ತದೆ.

ಇದರ ಜೊತೆಗೆ ಒಂದು ಲೆಕ್ಕದ ಊಹೆಯೂ ಇದೆ. ಪ್ಲಾಸ್ಮಾದಲ್ಲಿ ನೀರು ಶೇಕಡಾ 93ರಷ್ಟು, ಕೆಂಪು ಕಣದಲ್ಲಿ 71ರಷ್ಟು. ಗ್ಲೂಕೋಸು ಕರಗುವುದು ನೀರಿನಲ್ಲಿ. ಆದ್ದರಿಂದ ಇಡೀ ರಕ್ತಕ್ಕಿಂತ ಪ್ಲಾಸ್ಮಾದಲ್ಲಿ ಗ್ಲೂಕೋಸು ಸುಮಾರು 11 ಶೇಕಡಾ ಹೆಚ್ಚು. ಮೀಟರು ಮುಟ್ಟುವುದು ಇಡೀ ರಕ್ತವನ್ನು, ತೋರಿಸುವುದು ಪ್ಲಾಸ್ಮಾದ ಲೆಕ್ಕವನ್ನು. ಆ 11 ಹೊಂದುವುದು ಹೆಮಟೋಕ್ರಿಟ್ 43ರ ಆಸುಪಾಸು ಇದ್ದವರಿಗೆ. ಅವ್ವನ 24ಕ್ಕೆ ಅದು ಹೊಂದುವುದಿಲ್ಲ.

ಹೊಸ ಮೀಟರು ಮಾಡುವ ಹೆಚ್ಚಿನ ಕೆಲಸ ಒಂದೇ. ಗ್ಲೂಕೋಸು ಅಳೆಯುವಾಗಲೇ ಹನಿಯೊಳಗೆ ಒಂದು ಸಣ್ಣ ಎಸಿ ಕರೆಂಟು ಹಾಯಿಸಿ, ಅದಕ್ಕೆ ಎಷ್ಟು ಅಡ್ಡಿ ಬಂತೆಂದು ನೋಡುತ್ತದೆ. ಕಣಗಳು ಹೆಚ್ಚಿದ್ದಷ್ಟೂ ಅಡ್ಡಿ ಹೆಚ್ಚು. ಆ ಅಂದಾಜಿನ ಮೇಲೆ ಅಂಕಿಯನ್ನು ತಿದ್ದಿ ತೋರಿಸುತ್ತದೆ.

ಲ್ಯಾಬಿನಲ್ಲಿ ಈ ತಕರಾರೇ ಇಲ್ಲ, ಏಕೆಂದರೆ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಕಣಗಳನ್ನು ಕೆಳಗೆ ಕೂರಿಸಿಬಿಡುತ್ತೇವೆ. ಮೇಲೆ ನಿಂತ ಪ್ಲಾಸ್ಮಾವನ್ನು ಕಿಣ್ವದ ದ್ರಾವಣಕ್ಕೆ ಸೇರಿಸಿದರೆ ಗುಲಾಬಿ ಬಣ್ಣ ಬರುತ್ತದೆ, ಆ ಬಣ್ಣದ ಗಾಢತೆಯನ್ನು ಯಂತ್ರ ಓದುತ್ತದೆ.

ಈಗ ನಮ್ಮ ಪ್ರಯೋಗ. ಹೋಲಿಕೆಗೆ ಬೆಳಗಿನ ಉಪವಾಸದ ಹೊತ್ತನ್ನೇ ಆರಿಸಿಕೊಂಡೆ. ಆಗ ಬೆರಳಿನ ರಕ್ತಕ್ಕೂ ತೋಳಿನ ರಕ್ತಕ್ಕೂ ಹೆಚ್ಚು ಅಂತರ ಇರುವುದಿಲ್ಲ, ಕಂಡ ವ್ಯತ್ಯಾಸವೆಲ್ಲ ಮೀಟರಿನದೇ ಆಗಿರುತ್ತದೆ. ಅವ್ವ ಸಾಬೂನಿನಿಂದ ಕೈ ತೊಳೆದು ಒರೆಸಿಕೊಳ್ಳುತ್ತಿದ್ದಳು. ಹಿಂದಿನ ದಿನ ಮೊಮ್ಮಗನಿಗೆ ಬಾಳೆಹಣ್ಣು ಸುಲಿದುಕೊಟ್ಟ ಕೈಯಿಂದಲೇ ಚುಚ್ಚಿಸಿಕೊಂಡು 160 ಬಂದಿತ್ತು, ತೊಳೆದ ಮೇಲೆ 118. ಮೊದಲ ಹನಿ ಒರೆಸಿ, ಎರಡನೆಯದು ಹಳೆ ಮೀಟರಿಗೆ, ಮೂರನೆಯದು ಹೊಸದಕ್ಕೆ. ಕೂಡಲೇ ತೋಳಿನಿಂದ 2 ಎಂಎಲ್ ತೆಗೆದು, ಗ್ಲೂಕೋಸು ಇಳಿಯದಂತೆ ತಡೆಯುವ, ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಿ, ಬರ್ಫಿನ ಡಬ್ಬಿಯಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಿ ಅರ್ಧ ತಾಸಿನೊಳಗೆ ತಿರುಗಿಸುತ್ತಿದ್ದೆ. ರಕ್ತ ಕಡಿಮೆ ಇರುವ ಅವ್ವನಿಗೆ ದಿನಾ ಸೂಜಿ ಬೇಡವೆಂದು ಉಪವಾಸದ ಹೋಲಿಕೆ ಐದೇ ಸಲ.

ಮೊದಲ ದಿನ ಲ್ಯಾಬು 78, ಹೊಸದು 80, ಹಳೆಯದು 99. ಎರಡನೇ ಸಲ ಲ್ಯಾಬು 71, ಹೊಸದು 74, ಹಳೆಯದು 92. ಮೂರನೆಯದು ನಾವು ಆರಿಸಿಕೊಂಡ ಹೊತ್ತಲ್ಲ. ನಸುಕಿನ ನಾಲ್ಕೂವರೆಗೆ ಅವ್ವ ಬೆವೆತು ಎದ್ದಳು. ಅಣ್ಣ ಮೂರು ಚಮಚ ಸಕ್ಕರೆ ನೀರಿಗೆ ಕಲಸುವಷ್ಟರಲ್ಲಿ ಬೆರಳು ಚುಚ್ಚಿ ತೋಳಿನ ರಕ್ತವನ್ನೂ ತೆಗೆದೆ. ಹಳೆ ಮೀಟರು 84 ಎಂದಿತು, ಹೊಸದು 67. ಲ್ಯಾಬು ತೆರೆದು ನೋಡಿದಾಗ 64. ಶುಗರ್ 70ಕ್ಕಿಂತ ಇಳಿದರೆ ಅದು ಲೋ ಶುಗರ್. ಹಳೆ ಮೀಟರು ಎಷ್ಟು ದಿನದಿಂದ ಹೀಗೆ 84, 90 ಎಂದು ಹೇಳಿ ಅವ್ವನ ಬೆವರನ್ನು ಸೆಕೆಯ ಲೆಕ್ಕಕ್ಕೆ ಹಾಕಿಸಿತ್ತೋ ಎಂದು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಐದೂ ಸಲ ಅದು ಲ್ಯಾಬಿಗಿಂತ 26ರಿಂದ 31 ಶೇಕಡಾ ಮೇಲೆಯೇ ಇತ್ತು. ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗಿದ್ದರೆ ಸ್ಟ್ರಿಪ್ಪು ತೇವವಾಗಿದೆಯೋ, ಹನಿ ಸಾಲಲಿಲ್ಲವೋ ಎಂದು ಹುಡುಕಬೇಕಿತ್ತು. ಪ್ರತಿ ಸಲ ಒಂದೇ ದಿಕ್ಕಿಗೆ, ಹೆಚ್ಚು ಕಡಿಮೆ ಅಷ್ಟೇ ತಪ್ಪಿದರೆ ಕಾರಣ ರಕ್ತದಲ್ಲೇ ಇದೆ.

ಅದೇ ಹಳೆ ಮೀಟರಿನಲ್ಲಿ ನನ್ನದನ್ನೂ ನೋಡಿಕೊಂಡೆ. ನನ್ನ ಹೆಮಟೋಕ್ರಿಟ್ 41. ಹಳೆಯದು 97, ಹೊಸದು 95, ಲ್ಯಾಬು 93. ಮೀಟರುಗಳಿಗೆ ಇರುವ ಐಎಸ್‌ಒ 15197 ಎಂಬ ಮಾನದಂಡದ 2013ರ ಆವೃತ್ತಿಯಂತೆ, ಲ್ಯಾಬಿನಲ್ಲಿ 100ಕ್ಕಿಂತ ಕಡಿಮೆ ಇದ್ದಾಗ ಮೀಟರು 15 ಅಂಕಿ ಆಚೀಚೆ ಹೋಗಬಹುದು, 100 ಮತ್ತು ಮೇಲೆ ಇದ್ದಾಗ 15 ಶೇಕಡಾ. ನೂರು ಸಲದಲ್ಲಿ 95 ಸಲ ಇದರೊಳಗೆ ಇದ್ದರೆ ಪಾಸು. ನನ್ನ ಬೆರಳಿನಲ್ಲಿ ಎರಡೂ ಮೀಟರು ಸಲೀಸಾಗಿ ಅದರೊಳಗಿದ್ದವು.

ಊಟದ ನಂತರದ ಒಂದು ಅಳತೆಯನ್ನು ಬೇರೆಯಾಗಿಯೇ ಓದಬೇಕು. ಅವ್ವ ರೊಟ್ಟಿ, ಬದನೆಕಾಯಿ ಪಲ್ಯ ತಿಂದ ಒಂದೂವರೆ ತಾಸಿಗೆ ಹೊಸ ಮೀಟರು 214 ಎಂದಿತು, ಲ್ಯಾಬು 183. ಇಲ್ಲಿ ಮೀಟರಿನ ತಪ್ಪು ಹುಡುಕಬಾರದು. ಬೆರಳ ತುದಿಯ ರಕ್ತ ಈಗಷ್ಟೇ ಹೃದಯದಿಂದ ಬಂದದ್ದು, ತೋಳಿನ ನರದ್ದು ಸ್ನಾಯುಗಳಿಗೆ ಗ್ಲೂಕೋಸು ಕೊಟ್ಟು ಮರಳುತ್ತಿರುವುದು. ಉಂಡ ಮೇಲೆ ಈ ಎರಡರ ನಡುವೆ ಇಷ್ಟು ಅಂತರ ಇದ್ದೇ ಇರುತ್ತದೆ.

ಹಾಗಾದರೆ ಹುಬ್ಬಳ್ಳಿಯ ರಿಪೋರ್ಟಿನ 58 ಸರಿಯಿತ್ತೇ? ಅದೂ ಸರಿಯಿರಲಿಲ್ಲ. ಇದನ್ನು ಲ್ಯಾಬಿನವಳಾಗಿ ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ಹೇಳಲೇಬೇಕು. ರಿಪೋರ್ಟಿನ ಮೂಲೆಯಲ್ಲಿ ರಕ್ತ ತೆಗೆದ ಹೊತ್ತು 6.30, ಹುಬ್ಬಳ್ಳಿಯಲ್ಲಿ ಸ್ವೀಕರಿಸಿದ ಹೊತ್ತು 10.40 ಎಂದಿತ್ತು. ಹುಡುಗನನ್ನು ವಿಚಾರಿಸಿದೆ. ಥೈರಾಯಿಡ್‌ಗೆ ತೆಗೆದ, ಫ್ಲೋರೈಡ್ ಇಲ್ಲದ ಪ್ಲೇನ್ ಟ್ಯೂಬಿನಲ್ಲೇ ಶುಗರ್ ಕೂಡ, ತಿರುಗಿಸದೆ ಹಾಗೇ ಚೀಲದಲ್ಲಿ ಹೋಗಿತ್ತು. ಟ್ಯೂಬಿನಲ್ಲೂ ರಕ್ತದ ಕಣಗಳು ಜೀವಂತ, ಅವು ಗ್ಲೂಕೋಸು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಕೋಣೆಯ ತಾಪದಲ್ಲಿ ತಾಸಿಗೆ 5ರಿಂದ 7 ಶೇಕಡಾ ಇಳಿಯುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ತಾಸಿಗೆ 6 ಎಂದು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ, ನಾಲ್ಕು ತಾಸಿನ ಹಿಂದೆ ಆ 58 ಇದ್ದದ್ದು ಸುಮಾರು 74. ಅಣ್ಣನ 96 ಮೇಲಕ್ಕೆ ತಪ್ಪಿತ್ತು, ಹುಬ್ಬಳ್ಳಿಯ 58 ಕೆಳಕ್ಕೆ ತಪ್ಪಿತ್ತು.

ಊಹೆಯಲ್ಲೇ ಬಿಡಬಾರದೆಂದು ಐದನೆಯ ಸಲ ತೆಗೆದ ರಕ್ತವನ್ನು ಮೂರು ಟ್ಯೂಬಿಗೆ ಹಂಚಿದೆ. ಕೂಡಲೇ ತಿರುಗಿಸಿದ್ದರಲ್ಲಿ 88. ಪ್ಲೇನ್ ಟ್ಯೂಬಿನಲ್ಲಿ ನಾಲ್ಕು ತಾಸು ಮೇಜಿನ ಮೇಲಿಟ್ಟದ್ದರಲ್ಲಿ 68. ಫ್ಲೋರೈಡ್ ಟ್ಯೂಬಿನಲ್ಲಿ ಅಷ್ಟೇ ಹೊತ್ತು ಇಟ್ಟದ್ದರಲ್ಲಿ 82. ಬೂದು ಮುಚ್ಚಳದಲ್ಲೂ ಆರು ಅಂಕಿ ಹೋಯಿತಲ್ಲ ಎಂದು ನಮ್ಮ ಹೊಸ ಹುಡುಗಿ ಆಶ್ಚರ್ಯಪಟ್ಟಳು. ಫ್ಲೋರೈಡು ಗ್ಲೂಕೋಸು ಒಡೆಯುವ ಸರಪಳಿಯ ಕೊನೆಯ ಹತ್ತಿರದ ಒಂದು ಕಿಣ್ವವನ್ನು ತಡೆಯುತ್ತದೆ. ಬಾಗಿಲು ಹಾಕಿದ್ದು ಹಿತ್ತಲಲ್ಲಿ, ಮುಂಬಾಗಿಲಿನಿಂದ ಇನ್ನೂ ಒಂದೆರಡು ತಾಸು ಗ್ಲೂಕೋಸು ಒಳಗೆ ಹೋಗುತ್ತಿರುತ್ತದೆ, ಆಮೇಲೆ ನಿಲ್ಲುತ್ತದೆ.

ಡಾಕ್ಟರಿಗೆ ಐದೂ ದಿನದ ಹಾಳೆ ತೋರಿಸಿದೆವು. ಅವರು ಗ್ಲಿಮೆಪಿರೈಡ್ ಅರ್ಧಕ್ಕಿಳಿಸಿ, ಇನ್ಸುಲಿನ್ ಎರಡು ಯೂನಿಟ್ ಕಡಿಮೆ ಮಾಡಿ, ಕಬ್ಬಿಣದ ಗುಳಿಗೆ ಶುರುಮಾಡಿದರು. ಅವ್ವನ ಎಚ್‌ಬಿಎ1ಸಿ ಕೂಡ ಇರುವುದಕ್ಕಿಂತ ಹೆಚ್ಚು ಕಂಡಿರಬಹುದು, ಕಬ್ಬಿಣದ ಕೊರತೆಯಲ್ಲಿ ಹಾಗಾಗುತ್ತದೆ ಎಂದರು. ಅಂದರೆ ಮೂರು ತಿಂಗಳ ಸರಾಸರಿಯೂ ಹಳೆ ಮೀಟರೂ ಒಂದೇ ಕಡೆಗೆ ನಮ್ಮನ್ನು ನಂಬಿಸಿದ್ದವು.

ಹೊಸ ಮೀಟರಿಗೂ ಮಿತಿ ಇದೆ. ಬಿಪಿ ತೀರಾ ಇಳಿದು ಕೈ ತಣ್ಣಗಾದವರ ಬೆರಳಿಗೆ ರಕ್ತವೇ ಸರಿಯಾಗಿ ಬರುತ್ತಿರುವುದಿಲ್ಲ. ಅಂಥವರ ಹಾಸಿಗೆಯ ಪಕ್ಕ ಯಾವ ಮೀಟರಿನ ಅಂಕಿಯನ್ನೂ ನಾನು ನಂಬುವುದಿಲ್ಲ, ನರದ ರಕ್ತವನ್ನೇ ಕೇಳುತ್ತೇನೆ. ಹೊಸ ಮೀಟರಿನ ಸ್ಟ್ರಿಪ್ಪಿಗೆ ಹಳೆಯದರ ಒಂದೂವರೆ ಪಟ್ಟು ದುಡ್ಡು. ಅವ್ವನ ಮಟ್ಟಿಗೆ ಆ ದುಡ್ಡು ದುಬಾರಿಯಲ್ಲ.

ಆಗಸ್ಟಿನಲ್ಲಿ ಅವ್ವನ ಹಿಮೋಗ್ಲೋಬಿನ್ 11.4ಕ್ಕೆ ಏರಿತ್ತು, ಹೆಮಟೋಕ್ರಿಟ್ 35. ಅವತ್ತು ಬೆಳಿಗ್ಗೆ ಮತ್ತೆ ಮೂರನ್ನೂ ಹಚ್ಚಿದೆ. ಲ್ಯಾಬು 108, ಹೊಸದು 110, ಹಳೆಯದು 117. ಮೀಟರು ಅದೇ, ಬೆರಳು ಅದೇ, ಬದಲಾದದ್ದು ಓಣಿಯ ಗದ್ದಲ ಮಾತ್ರ. ನಸುಕಿನ ಬೆವರು ಜೂನ್‌ನಲ್ಲೇ ನಿಂತಿತ್ತು. ಹಳೆ ಮೀಟರನ್ನು ಅಣ್ಣ ತನಗಿಟ್ಟುಕೊಂಡಿದ್ದಾನೆ, ಅವನ ಹೆಮಟೋಕ್ರಿಟ್ 45.