ಶಿಫಾರಸು ಪತ್ರದ ಇಂಗ್ಲಿಷ್ ತಿದ್ದುವುದು: ವರ್ಡ್, ಓದಿಸಿ ಕೇಳುವುದು, ಸಹೋದ್ಯೋಗಿ

ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಓದಲು ವಿದ್ಯಾರ್ಥಿವೇತನ ಕೇಳುವ ಹುಡುಗಿಗೆ ಭೌತಶಾಸ್ತ್ರದ ಮೇಷ್ಟ್ರು ಬರೆಯುವಂಥ ಒಂದು ಪುಟದ ಪತ್ರವನ್ನು ಮೂರು ವಿಧದಲ್ಲಿ ತಿದ್ದಿ ನೋಡಿದ್ದೇವೆ. ಪತ್ರದಲ್ಲಿ ಮುಖ್ಯವಾಗಿ ಮೂರು ತಪ್ಪುಗಳಿದ್ದವು: ‘ಐ ಆ್ಯಮ್ ನೋಯಿಂಗ್ ಹರ್ ಸಿನ್ಸ್ ತ್ರೀ ಇಯರ್ಸ್’, ‘ಶಿ ಆಸ್ಕ್ಸ್ ಗುಡ್ ಡೌಟ್ಸ್’, ಮತ್ತು ಹಳೆಯ ಪತ್ರದಿಂದ ನಕಲಾಗಿ ಬಂದ ಒಂದು ‘ಹಿಸ್’.

ವರ್ಡ್‌ನಲ್ಲಿ ಕಾಗುಣಿತ, ವ್ಯಾಕರಣ ನೋಡಲು F7 ಒತ್ತುವ ಮೊದಲು ಪತ್ರವನ್ನೆಲ್ಲ ಆಯ್ದುಕೊಂಡು Review ಅಡಿಯ Language ಮೆನುವಿನ Set Proofing Language ಎಂಬಲ್ಲಿ English (United Kingdom) ಆರಿಸಿಕೊಳ್ಳಬೇಕು. ಅಮೆರಿಕದ ಇಂಗ್ಲಿಷ್ ಇದ್ದರೆ ‘ಆನರ್ಸ್’ ಪದದಲ್ಲಿರುವ ಯು ಅಕ್ಷರವೂ ತಪ್ಪಾಗಿ ಕಾಣುತ್ತದೆ. ಕಾಗುಣಿತ, ಏಕವಚನ-ಬಹುವಚನದ ಹೊಂದಾಣಿಕೆ, ಬಿಟ್ಟುಹೋದ ‘ದಿ’ ಪದ, ಇವಕ್ಕೆ ಇಷ್ಟು ಸಾಕು. ‘ಸಿನ್ಸ್’ ತಪ್ಪಿಗೆ ಮಾತ್ರ ವರ್ಡ್ ಅನ್ನು ನಂಬುವಂತಿಲ್ಲ: ಚಿಕ್ಕ ವಾಕ್ಯದಲ್ಲಿ ಹಿಡಿಯುವುದು ದೊಡ್ಡ ವಾಕ್ಯದಲ್ಲಿ ಜಾರುತ್ತದೆ. ‘ಹಿಸ್’ ಗೆರೆಯಿಲ್ಲದೆ ಉಳಿಯುತ್ತದೆ. ವ್ಯಾಕರಣದ ಪ್ರಕಾರ ಆ ವಾಕ್ಯ ಸರಿಯೇ ಇದೆ, ತಪ್ಪಿರುವುದು ಹುಡುಗಿಯ ವಿಷಯದಲ್ಲಿ. ಊರಿನ, ಮನೆತನದ ಹೆಸರುಗಳ ಕೆಳಗೆ ಬರುವ ಕೆಂಪು ಗೆರೆಗೆ ಸೂಚನೆ ಒಪ್ಪಿದರೆ ಹೆಸರೇ ಬದಲಾದೀತು.

Review ಅಡಿಯಲ್ಲೇ Read Aloud ಇದೆ. ‘ಹಿಸ್’ ಹಿಡಿಯಲು ಇದೇ ಮೇಲು, ಏಕೆಂದರೆ ಬರೆದವರ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಳ್ಳುತ್ತದೆ, ಕಿವಿ ಹಾಗೆ ಮಾಡುವುದಿಲ್ಲ. ಎರಡು ಸಲ ಬಂದ ಪದ, ಉಸಿರುಗಟ್ಟುವಷ್ಟು ಉದ್ದದ ವಾಕ್ಯ ಸಹ ಸಿಗುತ್ತವೆ.

ಪಕ್ಕದ ಕುರ್ಚಿಯ ಇಂಗ್ಲಿಷ್ ಮೇಷ್ಟ್ರು ಎರಡನ್ನೂ ಮೀರಿಸುತ್ತಾರೆ ಎಂದುಕೊಳ್ಳುವುದು ಸಹಜ. ಆದರೆ ಅವರಿಗೂ ನಮ್ಮ ಕಿವಿಯೇ. ಕನ್ನಡದಲ್ಲಿ ‘ಮೂರು ವರ್ಷದಿಂದ’, ‘2022ರಿಂದ’ ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷ್‌ನಲ್ಲಿ ಅವಧಿಗೆ ‘ಫಾರ್’, ಆರಂಭದ ಕಾಲಕ್ಕೆ ‘ಸಿನ್ಸ್’. ಹಾಗಾಗಿ ‘ಐ ಹ್ಯಾವ್ ನೋನ್ ಹರ್ ಫಾರ್ ತ್ರೀ ಇಯರ್ಸ್’ ಎನ್ನಬೇಕು. ಇದನ್ನು ವ್ಯಾಕರಣ ಬಲ್ಲ ಸಹೋದ್ಯೋಗಿ ಕೂಡಲೇ ಹೇಳುತ್ತಾರೆ. ‘ಡೌಟ್ಸ್’ ಮಾತ್ರ ಅವರಿಗೂ ತಪ್ಪೆನಿಸದು. ತರಗತಿಯಲ್ಲಿ ಎಲ್ಲರೂ ಆಡುವ ಮಾತದು. ಲಂಡನ್ನಿನಲ್ಲಿ ಓದುವವರಿಗೆ ‘ಡೌಟ್’ ಎಂದರೆ ಅನುಮಾನ, ಅಪನಂಬಿಕೆ. ‘ಆಸ್ಕ್ಸ್ ಗುಡ್ ಕ್ವೆಶ್ಚನ್ಸ್’ ಎಂದರೆ ಆಯಿತು. ‘ಪಾಸ್ಡ್ ಔಟ್ ಇನ್ 2025’ ಇದರ ಜೊತೆಗಾರ; ಅಲ್ಲಿ ಅದಕ್ಕೆ ಮೂರ್ಛೆ ಹೋದಳು ಎಂಬರ್ಥ. ‘ಗ್ರಾಜುಯೇಟೆಡ್’ ಎಂದು ಬರೆಯಬೇಕು.

ಹೊರದೇಶದಲ್ಲಿ ಓದಿ ಬಂದ ಸಹೋದ್ಯೋಗಿ ಸಿಕ್ಕರೆ ಅವರಿಗೇ ಕೊಡಿ. ಸಿಗದಿದ್ದರೆ ಮೊದಲು ವರ್ಡ್, ಬಳಿಕ Read Aloud, ಕೊನೆಗೆ ಇಂಗ್ಲಿಷ್ ಮೇಷ್ಟ್ರು. ಈ ಕ್ರಮ ತಿರುಗಿಸಿದರೆ ಅವರ ಸಮಯವೆಲ್ಲ ಕಾಗುಣಿತಕ್ಕೇ ಹೋಗುತ್ತದೆ. ಗೋಪ್ಯವಾಗಿ ಕಳುಹಿಸಬೇಕಾದ ಪತ್ರವಾದರೆ ವಿದ್ಯಾರ್ಥಿನಿಯ ಕೈಯಲ್ಲೇ ತಿದ್ದಿಸಬೇಡಿ. ಸಹೋದ್ಯೋಗಿಗೆ ಕೊಡುವಾಗಲೂ ಅವಳ ಹೆಸರು ತೆಗೆದು ಕೊಡಿ, ಆದರೆ ‘ಹರ್’ ಉಳಿಯಲಿ.