ಮೂರು ತಿನಿಸು, ಒಂದೇ ಬಾಡಿಗೆ: ಬ್ರೇಕ್-ಈವನ್ ಲೆಕ್ಕದ ಮೂರು ವಿಧಾನಗಳ ಹೋಲಿಕೆ

ಒಂದಕ್ಕಿಂತ ಹೆಚ್ಚು ಪದಾರ್ಥಗಳನ್ನು ಮಾರುವ ಸಣ್ಣ ವ್ಯಾಪಾರದಲ್ಲಿ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಮಟ್ಟವನ್ನು, ಅಂದರೆ ಬ್ರೇಕ್-ಈವನ್ ಅನ್ನು, ಕಂಡುಕೊಳ್ಳಲು ಸಾಮಾನ್ಯವಾಗಿ ಮೂರು ದಾರಿಗಳು ಬಳಕೆಯಲ್ಲಿವೆ. ಹಾಸನದಲ್ಲಿ ನನ್ನ ಭಾವ ನಡೆಸುವ ಬೇಕರಿಯ ಲೆಕ್ಕವನ್ನು ನಾನು ನೋಡಿಕೊಳ್ಳುತ್ತೇನೆ. ಸಾಲ ಮಾಡಿ ದೊಡ್ಡ ಡೆಕ್ ಓವನ್ ಕೊಂಡ ಮೇಲೆ, ಅದರ ಖರ್ಚು ಹುಟ್ಟಬೇಕಾದರೆ ಎಷ್ಟು ಮಾರಬೇಕು ಎಂಬ ಪ್ರಶ್ನೆಗೆ ಮೂರು ದಾರಿಗಳಲ್ಲಿ ಮೂರು ಬೇರೆ ಉತ್ತರಗಳು ಬಂದವು. ಇವುಗಳಲ್ಲಿ ಮಾರಾಟದ ಅನುಪಾತವನ್ನು ಒಂದು ಕಟ್ಟಾಗಿ ಹಿಡಿದು, ಪ್ರತಿ ನಗಕ್ಕೆ ಸಿಗುವ ಕಾಂಟ್ರಿಬ್ಯೂಷನ್ನಿನ ಭಾರಿತ ಸರಾಸರಿಯಿಂದ ಮಾಡುವ ಲೆಕ್ಕವೇ ನನಗೆ ಒಪ್ಪಿಗೆಯಾದದ್ದು. ಉಳಿದ ಎರಡನ್ನು ಅದರ ಪಕ್ಕದಲ್ಲಿಟ್ಟು ತೋರಿಸುತ್ತೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಬೇಕರಿಯ ಮುಖ್ಯ ಸರಕು ಮೂರು. ಬ್ರೆಡ್ಡಿನ ದರ 40 ರೂಪಾಯಿ; ಮೈದಾ, ಈಸ್ಟ್, ಎಣ್ಣೆ, ಕವರು ಮುಂತಾಗಿ ಮಾಡಿದಷ್ಟೂ ತಗಲುವ ವೆಚ್ಚ 28; ಉಳಿಯುವುದು 12. ಬೆಣ್ಣೆ ಬಿಸ್ಕತ್ತಿನ ಪ್ಯಾಕೆಟ್ಟಿಗೆ 60 ರೂಪಾಯಿ, ವೆಚ್ಚ 36, ಉಳಿಯುವುದು 24. ಪಫ್‌ಗೆ 20 ರೂಪಾಯಿ, ವೆಚ್ಚ 10, ಉಳಿಯುವುದು 10. ಹೀಗೆ ಉಳಿಯುವ ಹಣವೇ ಕಾಂಟ್ರಿಬ್ಯೂಷನ್; ಮೊದಲು ಇದರಿಂದ ಬಾಡಿಗೆ, ಸಂಬಳ, ಬಡ್ಡಿ, ಸವಕಳಿ ತೀರಬೇಕು, ಆಮೇಲೆ ಮಿಕ್ಕದ್ದು ಲಾಭ. ಹಿಂದಿನ ತಿಂಗಳುಗಳ ಬಿಲ್ಲುಗಳನ್ನು ಕೂಡಿದಾಗ 5 ಬ್ರೆಡ್ಡಿಗೆ 2 ಬಿಸ್ಕತ್ತು, 3 ಪಫ್ ಎಂಬ ಅನುಪಾತ ಸಿಕ್ಕಿತು. ಓವನ್ ಬರುವ ಮೊದಲು ತಿಂಗಳ ಸ್ಥಿರ ವೆಚ್ಚ 89,700 ರೂಪಾಯಿ ಇತ್ತು; ಓವನ್ನಿನ ಬಡ್ಡಿ, ಸವಕಳಿ ಮತ್ತು ಹೆಚ್ಚುವರಿ ಕೆಲಸಗಾರರೊಬ್ಬರ ಸಂಬಳ ಸೇರಿ 1,10,400 ಆಯಿತು.

ಮೊದಲನೆಯ ದಾರಿ, ಸ್ಥಿರ ವೆಚ್ಚವನ್ನು ಮೂರು ಸರಕುಗಳಿಗೆ ಹಂಚಿ ಒಂದೊಂದಕ್ಕೂ ಪ್ರತ್ಯೇಕ ಬ್ರೇಕ್-ಈವನ್ ಕಟ್ಟುವುದು. ಭಾವನ ಹಳೆಯ ಲೆಕ್ಕದ ಪುಸ್ತಕದಲ್ಲಿ ಇದೇ ಇತ್ತು. ನೋಡಲು ಅಚ್ಚುಕಟ್ಟಾಗಿದ್ದರೂ, ಬಾಡಿಗೆಯಲ್ಲಿ ಪಫ್‌ನ ಪಾಲು ಎಷ್ಟು ಎಂಬುದಕ್ಕೆ ನಿಜವಾದ ಉತ್ತರವೇ ಇಲ್ಲ. ಮಾರಾಟದ ಮೊತ್ತದ ಪ್ರಕಾರ ಹಂಚಿದರೆ ತಿಂಗಳಿಗೆ ಸುಮಾರು 1,744 ಪಫ್ ಸಾಕು ಎನ್ನುತ್ತದೆ. ನಗಗಳ ಎಣಿಕೆಯ ಪ್ರಕಾರ ಹಂಚಿದರೆ 3,312 ಬೇಕು ಎನ್ನುತ್ತದೆ. ಹಂಚುವ ಕ್ರಮ ಬದಲಾದ ಮಾತ್ರಕ್ಕೆ ಗುರಿ ಹೆಚ್ಚುಕಡಿಮೆ ಇಮ್ಮಡಿಯಾಗುವ ಲೆಕ್ಕವನ್ನು ನಂಬಿ ಬೆಳಗಿನ ಹಿಟ್ಟು ಕಲಸಲಾಗದು. ಒಂದು ಸರಕಿಗೆಂದೇ ತಗಲುವ, ಅದನ್ನು ನಿಲ್ಲಿಸಿದರೆ ಇಲ್ಲವಾಗುವ ಖರ್ಚನ್ನು ಮಾತ್ರ ಆ ಸರಕಿನ ತಲೆಗೆ ಹಾಕಿ ನೋಡುವುದಕ್ಕೆ ಈ ದಾರಿ ಸರಿ.

ಎರಡನೆಯದು ಶೇಕಡಾವಾರು ದಾರಿ. ಪ್ರತಿ ಸರಕಿನ ಕಾಂಟ್ರಿಬ್ಯೂಷನ್ನನ್ನು ಅದರ ದರದ ಶೇಕಡಾವಾರಾಗಿ ಬರೆದುಕೊಂಡು, ಭಾರಿತ ಸರಾಸರಿ ತೆಗೆದು, ಸ್ಥಿರ ವೆಚ್ಚವನ್ನು ಅದರಿಂದ ಭಾಗಿಸಿದರೆ ಎಷ್ಟು ರೂಪಾಯಿ ವ್ಯಾಪಾರವಾಗಬೇಕು ಎಂಬುದು ಸಿಗುತ್ತದೆ. ನಮ್ಮಲ್ಲಿ ಬ್ರೆಡ್ಡಿಗೆ ಶೇ. 30, ಬಿಸ್ಕತ್ತಿಗೆ ಶೇ. 40, ಪಫ್‌ಗೆ ಶೇ. 50. ಈ ವಿಧಾನ ತಪ್ಪೇನಲ್ಲ. ಸರಿಯಾಗಿ ಮಾಡಿದರೆ ಕಟ್ಟಿನ ಲೆಕ್ಕಕ್ಕೂ ಇದಕ್ಕೂ ಒಂದೇ ಉತ್ತರ ಬರಬೇಕು. ಆದರೆ ಇದರಲ್ಲಿ ಒಂದು ಕಡೆ ಕಾಲು ಜಾರುತ್ತದೆ. ಓವನ್ ಮಾರಿದವರು ಖರೀದಿಗೆ ಮುಂಚೆ ತಯಾರಿಸಿಕೊಟ್ಟ ಲೆಕ್ಕದಲ್ಲಿ ಆದದ್ದು ಅದೇ ಆದ್ದರಿಂದ ಅದನ್ನು ವಿವರವಾಗಿ ಹೇಳುತ್ತೇನೆ.

ಅವರು ಅನುಪಾತವನ್ನು ನಮ್ಮಿಂದಲೇ ಕೇಳಿ ಪಡೆದಿದ್ದರು: 5, 2, 3. ಅದನ್ನು ಶೇ. 50, 20, 30 ಎಂದು ಬರೆದುಕೊಂಡು 30, 40, 50ರ ಶೇಕಡಾವಾರುಗಳಿಗೆ ಗುಣಿಸಿದ್ದರು. ಹದಿನೈದು, ಎಂಟು, ಹದಿನೈದು ಕೂಡಿ ಶೇ. 38 ಬಂತು. 1,10,400ನ್ನು ಅದರಿಂದ ಭಾಗಿಸಿ, ತಿಂಗಳಿಗೆ 2,90,526 ರೂಪಾಯಿ ವ್ಯಾಪಾರವಾದರೆ ಸಾಕು ಎಂದು ಬರೆದಿದ್ದರು. ಗುಣಾಕಾರದಲ್ಲಿ, ಕೂಡುವುದರಲ್ಲಿ ಎಲ್ಲೂ ದೋಷವಿಲ್ಲ. ಸರಾಸರಿಗೆ ಬಳಸಿದ ತೂಕವೇ, ಅಂದರೆ ಪ್ರತಿ ಸರಕಿಗೆ ಕೊಟ್ಟ ಪಾಲೇ, ಈ ಲೆಕ್ಕಕ್ಕೆ ಸೇರಿದ್ದಲ್ಲ. ಶೇಕಡಾವಾರು ಎನ್ನುವುದು ಒಂದು ರೂಪಾಯಿ ಮಾರಾಟದಲ್ಲಿ ಎಷ್ಟು ಪೈಸೆ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ಆದ್ದರಿಂದ ಒಟ್ಟು ಮಾರಾಟದ ರೂಪಾಯಿಗಳಲ್ಲಿ ಆ ಸರಕಿನ ಪಾಲು ಎಷ್ಟೋ ಅದನ್ನೇ ತೂಕವಾಗಿ ಇಡಬೇಕು. ಎಣಿಕೆಯಲ್ಲಿ ಪಫ್ ನೂರಕ್ಕೆ ಮೂವತ್ತು ಇದ್ದರೂ ಗಲ್ಲಾಪೆಟ್ಟಿಗೆಗೆ ಅದು ತರುವುದು ನೂರು ರೂಪಾಯಿಗೆ ಹದಿನಾರಕ್ಕಿಂತ ಸ್ವಲ್ಪ ಕಡಿಮೆ. ಶೇಕಡಾವಾರು ಅತಿ ಹೆಚ್ಚಿರುವ ಸರಕೇ ಅತಿ ಅಗ್ಗದ ಸರಕೂ ಆಗಿದ್ದರಿಂದ, ಎಣಿಕೆಯ ತೂಕ ಹಾಕಿದೊಡನೆ ಸರಾಸರಿ ಮೇಲಕ್ಕೆ ಉಬ್ಬಿತು.

ಸರಿಯಾದ ತೂಕ ಹೀಗಿದೆ. 5 ಬ್ರೆಡ್ಡಿಗೆ 200 ರೂಪಾಯಿ, 2 ಬಿಸ್ಕತ್ತಿಗೆ 120, 3 ಪಫ್‌ಗೆ 60, ಒಟ್ಟು 380. ಇದರಲ್ಲಿ ಉಳಿಯುವುದು 60, 48, 30, ಒಟ್ಟು 138. ಭಾಗಿಸಿದರೆ ಶೇ. 36.32. ಆಗ ಬೇಕಾದ ವ್ಯಾಪಾರ 3,04,000 ರೂಪಾಯಿ. ಮಾರಾಟಗಾರರ ಕಾಗದವನ್ನು ನಂಬಿ 2,90,526ಕ್ಕೆ ನಿಂತಿದ್ದರೆ ಪ್ರತಿ ತಿಂಗಳೂ ಸುಮಾರು 4,900 ರೂಪಾಯಿ ಕೈಯಿಂದ ಹೋಗುತ್ತಿತ್ತು, ಕಾಗದ ಮಾತ್ರ ಸಮ ಎಂದೇ ಹೇಳುತ್ತಿತ್ತು. ಇಂಥ ದೋಷವನ್ನು ಪತ್ತೆ ಹಚ್ಚಲು ಒಂದು ಖಚಿತವಾದ ಪರೀಕ್ಷೆ ಇದೆ: ಬಂದ ಉತ್ತರವನ್ನು ಮತ್ತೆ ನಗಗಳಿಗೆ ಒಡೆದು, ಪ್ರತಿ ಸರಕಿನ ಕಾಂಟ್ರಿಬ್ಯೂಷನ್ ಕೂಡಿ ನೋಡಬೇಕು. ಮೊತ್ತ ಸ್ಥಿರ ವೆಚ್ಚಕ್ಕೆ ಸರಿಯಾಗಿ ಹೊಂದದಿದ್ದರೆ ತೂಕ ತಪ್ಪಿದೆ ಎಂದೇ ಅರ್ಥ.

ಬಿಲ್ಲಿನ ಮೊತ್ತದಿಂದ ತೂಕ ತೆಗೆಯುವವರು ಜಿಎಸ್‌ಟಿಯನ್ನು ಕಳೆದು ತೆಗೆಯಬೇಕು. ಬ್ರೆಡ್ಡಿಗೆ ತೆರಿಗೆ ಇಲ್ಲ, ಬಿಸ್ಕತ್ತಿಗೆ ಇದೆ, ಕಳೆಯದಿದ್ದರೆ ಬಿಸ್ಕತ್ತಿನ ಪಾಲು ದೊಡ್ಡದಾಗಿ ಕಾಣುತ್ತದೆ.

ಇನ್ನು ಕಟ್ಟಿನ ಲೆಕ್ಕ. 5 ಬ್ರೆಡ್, 2 ಬಿಸ್ಕತ್ತು, 3 ಪಫ್ ಸೇರಿದ್ದು ಒಂದು ಕಟ್ಟು, ಅದರಲ್ಲಿ ಉಳಿಯುವುದು 138 ರೂಪಾಯಿ, ಅಂದರೆ ನಗವೊಂದಕ್ಕೆ ಸರಾಸರಿ 13 ರೂಪಾಯಿ 80 ಪೈಸೆ. 1,10,400ನ್ನು 138ರಿಂದ ಭಾಗಿಸಿದರೆ 800 ಕಟ್ಟು. ಅಂದರೆ ತಿಂಗಳಿಗೆ 4,000 ಬ್ರೆಡ್, 1,600 ಬಿಸ್ಕತ್ತು, 2,400 ಪಫ್. ಓವನ್ ಇಲ್ಲದಿದ್ದಾಗ 650 ಕಟ್ಟು ಸಾಕಿತ್ತು. ಹಾಗಾಗಿ ಓವನ್ನಿನ ನಿಜವಾದ ಬೆಲೆ ತಿಂಗಳಿಗೆ 150 ಕಟ್ಟು ಹೆಚ್ಚು ಮಾರುವುದು ಎಂದು ಭಾವನಿಗೆ ಹೇಳಿದಾಗ ಅವರು ಕೂಡಲೇ ಅದನ್ನು ದಿನದ ಟ್ರೇಗಳಲ್ಲಿ ಎಣಿಸಿಕೊಂಡರು. ಮೂರು ಲಕ್ಷ ನಾಲ್ಕು ಸಾವಿರ ರೂಪಾಯಿ ಎಂದು ಹೇಳಿದ್ದರೆ ಒಲೆಯ ಮುಂದೆ ನಿಂತವರಿಗೆ ಮಾಡಬೇಕಾದ ಕೆಲಸ ಏನೆಂದು ಗೊತ್ತಾಗುತ್ತಿರಲಿಲ್ಲ. ಸ್ಪ್ರೆಡ್‌ಶೀಟಿನಲ್ಲಿ B ಕಾಲಮ್ಮಿನಲ್ಲಿ ಕಾಂಟ್ರಿಬ್ಯೂಷನ್, C ಕಾಲಮ್ಮಿನಲ್ಲಿ ಅನುಪಾತ ಬರೆದರೆ ಒಂದು ಸಾಲು ಸಾಕು:

```
=110400/SUMPRODUCT(B2:B4,C2:C4)
```

ಈ ವಿಧಾನದ ಆಧಾರವೂ ದೌರ್ಬಲ್ಯವೂ ಅನುಪಾತ ಸ್ಥಿರವಾಗಿರುತ್ತದೆ ಎಂಬ ಊಹೆಯೇ. ಓವನ್ ಬಂದ ಮೇಲೆ ಹಾಸ್ಟೆಲ್ ಒಂದರಿಂದ ಅಂಗಡಿಯ ದರದಲ್ಲೇ ಬ್ರೆಡ್ಡಿಗೆ ದೊಡ್ಡ ಬೇಡಿಕೆ ಬಂತು. ಬೆಳಗಿನ ಹೊತ್ತೆಲ್ಲ ಓವನ್ ಬ್ರೆಡ್ಡಿಗೇ ಮೀಸಲಾಗಿ, ಬಿಸಿ ಇಳಿಸಿ ಬೇಯಿಸಬೇಕಾದ ಬಿಸ್ಕತ್ತು ಹಿಂದೆ ಸರಿಯಿತು. ಅನುಪಾತ 7, 1, 2 ಆಯಿತು. ಆ ತಿಂಗಳು ಮಾರಾಟವಾದದ್ದು ಸರಿಯಾಗಿ 8,000 ನಗ, ವ್ಯಾಪಾರ ಸರಿಯಾಗಿ 3,04,000 ರೂಪಾಯಿ. ಗುರಿಯ ಎರಡು ಅಂಕಿಗಳೂ ತಲುಪಿದ್ದವು. ಆದರೂ 8,000 ರೂಪಾಯಿ ನಷ್ಟವಾಗಿತ್ತು. ಕಾರಣ ಇಷ್ಟೇ: 7 ಬ್ರೆಡ್, 1 ಬಿಸ್ಕತ್ತು, 2 ಪಫ್‌ನ ಕಟ್ಟಿಗೂ 380 ರೂಪಾಯಿಯೇ ಬಂದರೂ ಅದರಲ್ಲಿ ಉಳಿಯುವುದು 128 ಮಾತ್ರ. ಒಂದು ಕಟ್ಟಿಗೆ ಹತ್ತು ರೂಪಾಯಿ ಖೋತಾ, 800 ಕಟ್ಟಿಗೆ 8,000. ಹೊಸ ಅನುಪಾತದಲ್ಲಿ ಸಮವಾಗಲು 862.5 ಕಟ್ಟು, ಅಂದರೆ 863 ಕಟ್ಟು ಬೇಕಿತ್ತು.

ಶೇಕಡಾವಾರು ಲೆಕ್ಕ ಇಲ್ಲಿ ಸಂಪೂರ್ಣ ಮೌನವಾಗಿತ್ತು, ಏಕೆಂದರೆ ಹಳೆಯ ಶೇ. 36.32ನ್ನು ಹಿಡಿದುಕೊಂಡು ವ್ಯಾಪಾರದ ಮೊತ್ತವನ್ನು ನೋಡಿದರೆ ಗುರಿ ಮುಟ್ಟಿದಂತೆಯೇ ಕಾಣುತ್ತದೆ. ನಗಗಳ ಒಟ್ಟು ಎಣಿಕೆಯನ್ನಷ್ಟೇ ನೋಡಿದ್ದರೆ ಕಟ್ಟಿನ ಲೆಕ್ಕವೂ ಹಾಗೆಯೇ ಮೋಸ ಮಾಡುತ್ತಿತ್ತು. ಆದರೆ ಅದು ಗುರಿಯನ್ನು ಸರಕುವಾರು ಕೊಟ್ಟಿತ್ತು: 1,600 ಬಿಸ್ಕತ್ತು ಬೇಕಾದಲ್ಲಿ 800 ಮಾತ್ರ ಹೋಗಿದೆ ಎಂಬುದು ತಿಂಗಳು ಮುಗಿಯುವ ಮೊದಲೇ ಗೋಡೆಯ ಪಟ್ಟಿಯಲ್ಲಿ ಕಾಣುತ್ತಿತ್ತು. ನನ್ನ ಒಲವಿಗೆ ಇದೇ ದೊಡ್ಡ ಕಾರಣ.

ಮಾರಾಟವಾಗದೆ ಉಳಿಯುವ ಸರಕಿನ ಲೆಕ್ಕವನ್ನೂ ಇದರಲ್ಲಿ ಸುಲಭವಾಗಿ ಸೇರಿಸಬಹುದು. ನೂರರಲ್ಲಿ ಐದು ಬ್ರೆಡ್ ಹಳಸಿ ಹೋದರೆ ಮಾರಿದ ಒಂದು ಬ್ರೆಡ್ಡಿನ ವೆಚ್ಚ 28ರಿಂದ ಸುಮಾರು 29.50ಕ್ಕೆ ಏರುತ್ತದೆ, ಉಳಿಯುವುದು 12ರಿಂದ 10.50ಕ್ಕೆ ಇಳಿಯುತ್ತದೆ.

ನೂರಾರು ಬಗೆಯ ಸಾಮಾನು ಇಡುವ ಕಿರಾಣಿ ಅಂಗಡಿಗೆ ಕಟ್ಟು ಕಟ್ಟುವುದು ಅಸಾಧ್ಯ. ಅಲ್ಲಿ ರೂಪಾಯಿ ತೂಕದ ಶೇಕಡಾವಾರು ದಾರಿಯೇ ಸರಿ. ದೀಪಾವಳಿ ಅಥವಾ ಡಿಸೆಂಬರಿನ ಕೇಕಿನ ದಿನಗಳಂಥ ತಿಂಗಳುಗಳನ್ನು ವರ್ಷದ ಸರಾಸರಿ ಅನುಪಾತಕ್ಕೆ ಬೆರೆಸದೆ ಪ್ರತ್ಯೇಕ ಕಟ್ಟಾಗಿ ಲೆಕ್ಕ ಹಾಕುವುದು ನನ್ನ ಅಭ್ಯಾಸ. ನಮ್ಮದು ಬೆರಳೆಣಿಕೆಯ ಸರಕಿನ ಅಂಗಡಿ, ಲೆಕ್ಕದ ಸಾಫ್ಟ್‌ವೇರಿಗೆ ಖರ್ಚು ಮಾಡುವಷ್ಟು ಹಣ ಓವನ್ ಕೊಂಡ ಮೇಲೆ ಉಳಿದಿಲ್ಲ, ಬಿಲ್ಲು ಪುಸ್ತಕದಿಂದ ನಗಗಳನ್ನು ಎಣಿಸುವ ರೂಢಿ ಮೊದಲಿನಿಂದಲೂ ಇದೆ. ಹೀಗಾಗಿ ನಮಗೆ ಕಟ್ಟಿನ ಲೆಕ್ಕ ಹೊಂದಿತು.

ಹಾಸ್ಟೆಲಿನ ಬೇಡಿಕೆಯನ್ನು ಬಿಡಬೇಕೆ ಎಂಬ ಪ್ರಶ್ನೆಗೂ ಉತ್ತರ ಅದರಿಂದಲೇ ಸಿಕ್ಕಿತು. ಹೊಸ ಕಟ್ಟಿನಲ್ಲಿ ಕಳೆದುಕೊಂಡ ಹತ್ತು ರೂಪಾಯಿಯನ್ನು ಏಳು ಬ್ರೆಡ್ಡುಗಳಿಂದ ತುಂಬಿಕೊಳ್ಳಬೇಕಾದರೆ ಒಂದಕ್ಕೆ ಒಂದೂವರೆ ರೂಪಾಯಿ ಸಾಕು. ಎಲ್ಲ ಬ್ರೆಡ್ಡಿಗೂ 2 ರೂಪಾಯಿ ಏರಿಸಿ, ಮಾರಾಟ ಕುಗ್ಗದಿದ್ದರೆ, ಕಟ್ಟಿನಲ್ಲಿ ಉಳಿಯುವುದು 142 ಆಗಿ 778 ಕಟ್ಟಿಗೇ ಸಮವಾಗುತ್ತದೆ. ಭಾವ ಅಂಗಡಿಯ ಗಿರಾಕಿಗಳಿಗೆ ದರ ಏರಿಸಲು ಒಪ್ಪಲಿಲ್ಲ. ಹಾಸ್ಟೆಲಿಗೆ ಮಾತ್ರ ಏರಿಸಿದರು. ದರ ಬೇರೆಯಾದದ್ದರಿಂದ ಹಾಸ್ಟೆಲಿನ ಬ್ರೆಡ್ ಈಗ ನನ್ನ ಹಾಳೆಯಲ್ಲಿ ನಾಲ್ಕನೆಯ ಸರಕಾಗಿ, ತನ್ನದೇ ಕಾಂಟ್ರಿಬ್ಯೂಷನ್ನಿನೊಂದಿಗೆ ಪ್ರತ್ಯೇಕ ಸಾಲಿನಲ್ಲಿದೆ.